ಸಂಕ್ರಾಂತಿಗೆ ನಮ್ಮ ಅಂಗಡಿಲಿ ಯಾವ ಹೊಸ ಕಾಫಿ ಇಡೋಣ? ವೋಟ್ ಹಾಕಿ, ಭಾನುವಾರ ರಾತ್ರಿವರೆಗೆ

ಕಾಫಿ ಅಂಗಡಿ, ಕುವೆಂಪುನಗರ

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿ ವಾರದಿಂದ ಫೆಬ್ರವರಿ ಕೊನೆವರೆಗೆ ಒಂದು ಹೊಸ ಕಾಫಿ ಇಡ್ತೀವಿ. ನಾಲ್ಕು ಯೋಚನೆ ಮಾಡಿದ್ದೀವಿ, ಒಂದನ್ನ ನೀವು ಆರಿಸಿ.

ಒಂದು, ಬೆಲ್ಲದ ಫಿಲ್ಟರ್ ಕಾಫಿ. ಎರಡು, ಎಳ್ಳು-ಬೆಲ್ಲದ ಕಾಫಿ, ಅಂದ್ರೆ ಹುರಿದ ಎಳ್ಳು ರುಬ್ಬಿ ಬೆಲ್ಲದ ಜೊತೆ. ಮೂರು, ಕಬ್ಬಿನ ಹಾಲಿಗೆ ಕೋಲ್ಡ್ ಬ್ರೂ ಬೆರೆಸಿ ಐಸ್ ಹಾಕಿದ್ದು. ನಾಲ್ಕು, ನಂಜನಗೂಡು ರಸಬಾಳೆ ಹಾಕಿದ ಕೋಲ್ಡ್ ಕಾಫಿ.

ಬೆಲೆ 40ರಿಂದ 90 ರೂಪಾಯಿ ಒಳಗೆ. ಯಾಕೆ ಬೇಕು, ಯಾಕೆ ಬೇಡ ಅಂತ ಕೆಳಗೆ ಬರೆದ್ರೆ ಇನ್ನೂ ಒಳ್ಳೇದು.

ಜೆಪಿ ನಗರದ ಮೈಸೂರಿನವನು

ಮೂರು! ಮೂರು! ಕಬ್ಬಿನ ಹಾಲು ಪ್ಲಸ್ ಕಾಫಿ, ಫೋಟೋ ಸಖತ್ತಾಗಿ ಬರುತ್ತೆ. ನಾನು ಬೆಂಗಳೂರಲ್ಲಿ ಇರೋದು, ಊರಿಗೆ ಬಂದಾಗ ಖಂಡಿತ ಬರ್ತೀನಿ.

ಬೆಳಗಿನ ವಾಕಿಂಗ್

ನಾನು ದಿನಾ ಆರೂಮುಕ್ಕಾಲಿಗೆ ನಿಮ್ಮ ಕೌಂಟರ್ ಮುಂದೆ ನಿಂತಿರ್ತೀನಿ, ಸ್ವೆಟರ್ ಹಾಕ್ಕೊಂಡು, ತಲೆಗೆ ಮಫ್ಲರ್ ಸುತ್ಕೊಂಡು. ಜನವರಿ ಚಳಿಲಿ ಐಸ್ ಹಾಕಿದ ಕಬ್ಬಿನ ಹಾಲು ಯಾರಪ್ಪ ಕುಡೀತಾರೆ? ಒಂದಕ್ಕೆ ನನ್ನ ವೋಟು. ಆದ್ರೆ ಲೋಟದ ಅಳತೆ ಚಿಕ್ಕದು ಮಾಡಬೇಡಿ, ಬೈಟು ಕೊಡಲ್ಲ ಅಂತಾನೂ ಹೇಳಬೇಡಿ.

ಆಲೆಮನೆ ಹುಡುಗ, ಪಾಂಡವಪುರ ಕಡೆ

ಅಣ್ಣ, ಮೂರನೇದು ಮಾಡೋದಾದ್ರೆ ಕಬ್ಬಿನ ಹಾಲು ಎಲ್ಲಿಂದ ತರ್ತೀರ? ಬೆಳಿಗ್ಗೆ ಬಾಟ್ಲಿಲಿ ತುಂಬ್ಸಿ ಫ್ರಿಜ್ಜಲ್ಲಿ ಇಡ್ತೀವಿ ಅಂದ್ರೆ ಈಗ್ಲೇ ಬಿಟ್‌ಬಿಡಿ. ಗಾಣದಿಂದ ಬಂದ ಹಾಲು ಹಸಿರು-ಹಳದಿ ಇರ್ತದೆ, ನೋಡ್ತಾ ನೋಡ್ತಾ ಕಂದು ತಿರುಗ್ತದೆ. ನಿಂಬೆಹಣ್ಣು ಹಿಂಡಿದ್ರೆ ಸ್ವಲ್ಪ ತಡೀತದೆ, ನಿಲ್ಲಲ್ಲ. ಮಧ್ಯಾಹ್ನದ ಹೊತ್ತಿಗೆ ಹುಳಿ ವಾಸನೆ. ಕೋಲ್ಡ್ ಬ್ರೂ ಮೊದ್ಲೇ ಕಪ್ಪು, ಅದ್ರಲ್ಲಿ ಬಣ್ಣ ಕೆಟ್ಟಿದ್ದು ಕಾಣಲ್ಲ, ಅದೇ ಅಪಾಯ. ಕುಡಿದವ್ರಿಗೆ ಗೊತ್ತಾಗೋದು ಬಾಯಿಗೆ ಬಂದ್ ಮೇಲೇನೆ.

ನಮ್ಮ ಆಲೆಮನೇಲಿ ಕಡಿದ ಕಬ್ಬನ್ನೇ ದಿನಗಟ್ಲೆ ಇಡಲ್ಲ. ಹಳೇ ಕಬ್ಬು ಅರೆದ್ರೆ ಬೆಲ್ಲ ಅಚ್ಚಲ್ಲಿ ಗಟ್ಟಿ ಕೂರಲ್ಲ, ಜಿಗುಟಾಗ್ತದೆ. ಇನ್ನು ಅರೆದ ಹಾಲನ್ನ ಇಟ್ಕೊಳೋದಂತೂ ದೂರದ್ ಮಾತು, ನೇರ ಕೊಪ್ಪರಿಗೆಗೆ.

ಕಾಫಿ ಅಂಗಡಿ, ಕುವೆಂಪುನಗರ

ನಿಜ ಹೇಳ್ಬೇಕಂದ್ರೆ ಬಾಟ್ಲಿಲಿ ತುಂಬ್ಸಿಡೋ ಯೋಚನೆನೇ ಇತ್ತು. ಕೋಲ್ಡ್ ಬ್ರೂನ ರಾತ್ರಿ ನೆನೆ ಹಾಕಿ 16 ಗಂಟೆ ಬಿಡ್ತೀವಿ, ಅದರದ್ದು ಏನೂ ತೊಂದ್ರೆ ಇಲ್ಲ. ಕಬ್ಬಿನ ಗಾಡಿ ಇರೋದು ಸರ್ಕಲ್ ಹತ್ರ, ಬರೋದು ಹನ್ನೊಂದು ಗಂಟೆಗೆ. ಆರ್ಡರ್ ಬಂದಾಗೆಲ್ಲ ಹುಡುಗನ್ನ ಓಡಿಸೋಕೆ ಆಗಲ್ಲ.

ಶ್ರೀರಾಂಪುರದ ಸೊಸೆ

ಫಿಲ್ಟರ್ ಕಾಫಿ ವಿಷಯ ಬಂತಲ್ಲ, ಒಂದು ಕೇಳ್ತೀನಿ. ನಮ್ಮ ಮನೆ ಸ್ಟೀಲ್ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯೋದೇ ಇಲ್ಲ, ರಾತ್ರಿ ಹಾಕಿದ್ರೆ ಬೆಳಿಗ್ಗೆವರೆಗೂ ಮೇಲೇ ನಿಂತಿರುತ್ತೆ. ಅತ್ತೆ ನನ್ನೇ ನೋಡ್ತಾರೆ. ಏನ್ ಮಾಡ್ಲಿ?

ಡೈರಿಯಲ್ಲಿದ್ದವಳು

ಪುಡಿ ತುಂಬ ನುಣ್ಣಗಿದೆಯೋ, ನೀವು ಒತ್ತಿ ಕೂರಿಸ್ತೀರೋ, ಎರಡರಲ್ಲಿ ಒಂದು ಇರುತ್ತೆ ಕಣಮ್ಮ. ಕೆಳಗಿನ ಬಟ್ಟಲು ಬಿಸಿ ಇರೋವಾಗ ಗಟ್ಟಿ ಕೂತಿದ್ರೂ ಗಾಳಿ ಆಡದೆ ನಿಲ್ಲುತ್ತೆ, ಮೇಲಿನದನ್ನ ಸ್ವಲ್ಪ ಎತ್ತಿ ಇಡು. ತೂತುಗಳು ಕಟ್ಟಿದ್ರೆ ಖಾಲಿ ಫಿಲ್ಟರನ್ನ ನೇರ ಉರಿ ಮೇಲೆ ಹಿಡಿದು ಸುಟ್ಟುಬಿಡು, ಕಟ್ಟಿದ ಪುಡಿ ಉದುರುತ್ತೆ. ಅತ್ತೆಯದ್ದಕ್ಕೆ ನನ್ನ ಹತ್ರ ಔಷಧ ಇಲ್ಲ.

ಈಗ ಅಂಗಡಿಯವರಿಗೆ. ಒಂದನೇದೋ ಎರಡನೇದೋ ಗೆದ್ದರೆ ಹಾಲು ಒಡೆಯೋದನ್ನ ಹೇಗೆ ನಿಭಾಯಿಸ್ತೀರ? ಮನೇಲಿ ಒಂದು ಲೋಟ ಒಡೆದ್ರೆ ಬಚ್ಚಲಿಗೆ ಹೋಗುತ್ತೆ. ನಿಮ್ಮಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತರ ನೂಕುನುಗ್ಗಲಲ್ಲಿ ಒಡೆದ್ರೆ ಜನ ಮತ್ತೆ ಬರಲ್ಲ.

ಸಾವಯವ ಪ್ರೇಮಿ

ಮೇಡಂ, ಹಾಲು ಒಡೆಯೋದು ಕಲಬೆರಕೆ ಬೆಲ್ಲದಿಂದ. ಹಳದಿಯಾಗಿ ಹೊಳೆಯೋ ಬೆಲ್ಲಕ್ಕೆಲ್ಲ ಕೆಮಿಕಲ್ ಹಾಕಿರ್ತಾರೆ. ಕಪ್ಪು ಸಾವಯವ ಬೆಲ್ಲ ತಗೊಂಡ್ರೆ ಒಡೆಯೋದೇ ಇಲ್ಲ. ಅದೂ ಆಗದಿದ್ರೆ ಒಂದು ಚಿಟಿಕೆ ಅಡಿಗೆ ಸೋಡಾ ಹಾಕಿ, ಮುಗೀತು. ನಮ್ಮನೇಲಿ ಹತ್ತು ವರ್ಷದಿಂದ ಬೆಲ್ಲದ ಕಾಫಿನೇ. ಸಕ್ಕರೆ ಕಾಯಿಲೆ ಇರೋರೂ ಧಾರಾಳವಾಗಿ ಕುಡೀಬಹುದು.

ಆಲೆಮನೆ ಹುಡುಗ, ಪಾಂಡವಪುರ ಕಡೆ

ಅರ್ಧ ಸರಿ ಸಾ. ಬಣ್ಣ ಬರ್ಲಿ ಅಂತ ಕೊಪ್ಪರಿಗೆಗೆ ಹೈಡ್ರೋಸ್ ಹಾಕೋರು ಇದಾರೆ, ಸುಳ್ಳಲ್ಲ. ಮಾರ್ಕೆಟ್‌ನಲ್ಲಿ ಹಳದಿ ಅಚ್ಚಿಗೇ ಒಳ್ಳೆ ರೇಟು, ಕಪ್ಪಿಗೆ ಕಮ್ಮಿ, ಅದಕ್ಕೇ ಹಾಕ್ತಾರೆ. ಆ ಬಣ್ಣನೂ ನಿಲ್ಲಲ್ಲ, ಗಾಳಿಗಿಟ್ರೆ ಆಮೇಲೆ ಮತ್ತೆ ಕಂದಾಗ್ತದೆ. ನಮ್ಮಪ್ಪ ಕೊಳೆ ತೆಗೆಯಕ್ಕೆ ಬೆಂಡೆ ಗಿಡದ ಲೋಳೆ ಬಿಡ್ತಾರೆ, ಜೊತೆಗೆ ಒಂಚೂರು ಸುಣ್ಣ. ನೊರೆ ಮೇಲೆ ಕೊಳೆ ಎಲ್ಲ ತೇಲಿ ಬರ್ತದೆ, ಜಾಲರಿ ಸೌಟಲ್ಲಿ ಎತ್ತಿ ಹಾಕದು.

ಆದ್ರೆ ನಮ್ಮನೆ ಬೆಲ್ಲಕ್ಕೂ ಹಾಲು ಒಡೆದೈತೆ. ನಮ್ಮವ್ವನೇ ಕುದಿಯೋ ಹಾಲಿಗೆ ಬೆಲ್ಲ ಹಾಕಿ ಒಡೆಸ್ಕೊಂಡವ್ರೆ. ಕಪ್ಪು ಅಂದ್ರೆಲ್ಲ ಶುದ್ಧ ಅಂತಾನೂ ಅಲ್ಲ. ಪಾಕ ಹೆಚ್ಚು ಕಾದು ತಳ ಹಿಡಿದ್ರೂ ಕಪ್ಪಾಗ್ತದೆ, ಸವುಳು ಭೂಮಿ ಕಬ್ಬಾದ್ರೆ ಬೆಲ್ಲ ಉಪ್ಪುಪ್ಪು.

ಡೈರಿಯಲ್ಲಿದ್ದವಳು

ಹುಡುಗ ಸರಿಯಾಗಿ ಹೇಳಿದ. ಒಳ್ಳೆ ಬೆಲ್ಲದಲ್ಲೂ ಸ್ವಲ್ಪ ಹುಳಿ ಇರುತ್ತೆ, ಖನಿಜನೂ ಇರುತ್ತೆ. ಕಾಫಿ ಡಿಕಾಕ್ಷನ್ನಿನಲ್ಲೂ ಹುಳಿ ಇದೆ. ಹಾಲು ತಣ್ಣಗಿದ್ದಾಗ ಅಷ್ಟು ಹುಳಿ ತಡ್ಕೊಳ್ಳುತ್ತೆ, ಕುದಿಯೋವಾಗ ತಡ್ಕೊಳ್ಳಲ್ಲ. ನಾವು ಪಾಯಸಕ್ಕೆ ಒಲೆ ಆರಿಸಿ, ಬೆಲ್ಲದ ಬಿಸಿ ಇಳಿದ ಮೇಲೆ ಹಾಲು ಬಿಡೋದು ಇದಕ್ಕೇ. ಅಜ್ಜಿಯರು ಯಾರೂ ಕಾರಣ ಹೇಳ್ಲಿಲ್ಲ ಅಷ್ಟೆ.

ಹಾಲು ಎಷ್ಟು ಹೊತ್ತಿನದು ಅನ್ನೋದೂ ಮುಖ್ಯ. ಬೆಳಿಗ್ಗೆ ಪ್ಯಾಕೆಟ್ ಒಡೆದು ಕಾಯಿಸಿದ ಹಾಲಿಗೆ ಏನೂ ಆಗದ ಬೆಲ್ಲ, ಸಂಜೆ ಮಿಕ್ಕಿದ ಹಾಲಿಗೆ ಹಾಕಿದ್ರೆ ಒಡೆಯುತ್ತೆ. ಜನ ಬೆಲ್ಲವನ್ನ ಬೈತಾರೆ, ತಪ್ಪು ಹಾಲಿನದು.

ಸೋಡಾ ಹಾಕಿದ್ರೆ ಒಡೆಯಲ್ಲ ಅನ್ನೋದು ನಿಜ. ಆದ್ರೆ ಚಿಟಿಕೆ ಅನ್ನೋದು ಒಬ್ಬೊಬ್ಬರ ಕೈಲಿ ಒಂದೊಂದು ಅಳತೆ. ಸ್ವಲ್ಪ ಜಾಸ್ತಿ ಆದ್ರೂ ಕಾಫಿ ಸೋಪಿನ ನೀರಿನ ಹಾಗಾಗುತ್ತೆ. ಇನ್ನು ಸಕ್ಕರೆ ಕಾಯಿಲೆಯವರ ಮಾತು ದಯವಿಟ್ಟು ಹೇಳಬೇಡಿ. ಬೆಲ್ಲದಲ್ಲೂ ಬಹುಪಾಲು ಅದೇ ಸಕ್ಕರೆ. ನಮ್ಮೆಜಮಾನ್ರು ಹೀಗೇ ಕೇಳಿ ಕೇಳಿ ಮೂರು ತಿಂಗಳು ಬೆಲ್ಲದ ಕಾಫಿ ಕುಡಿದು, ರಿಪೋರ್ಟ್ ನೋಡಿ ಡಾಕ್ಟರ್ ಹತ್ರ ಬೈಸಿಕೊಂಡ್ರು.

ಸಾವಯವ ಪ್ರೇಮಿ

ನಮ್ಮನೇಲಂತೂ ಒಡೆದಿಲ್ಲ. ಅನುಭವ ದೊಡ್ಡದು ಮೇಡಂ.

ಡೈರಿಯಲ್ಲಿದ್ದವಳು

ನೀವು ಹಾಲು ಹಾಕಿದ ಮೇಲೆ ಕಾಯಿಸ್ತೀರಾ, ಕಾಯಿಸಲ್ವಾ?

ಸಾವಯವ ಪ್ರೇಮಿ

ಕಾಯಿಸಲ್ಲ. ಲೋಟಕ್ಕೆ ನೇರ ಬಿಡೋದು, ಎತ್ತಿ ನೊರೆ ಬರಿಸಿ ಕುಡಿಯೋದು.

ಡೈರಿಯಲ್ಲಿದ್ದವಳು

ಅದಕ್ಕೇ ಒಡೆದಿಲ್ಲ. ಎತ್ತಿ ಹುಯ್ಯೋವಾಗ ಬಿಸಿ ಇಳಿದಿರುತ್ತೆ.

ಲೆಕ್ಕದ ಮೇಷ್ಟ್ರು, ಮಂಡ್ಯ

ಬೆಲ್ಲದ ಚರ್ಚೆ ನಡೀಲಿ. ನಾನು ವೋಟಿನ ಲೆಕ್ಕ ನೋಡ್ತಿದ್ದೆ. ಈಗಿನ ಹೊತ್ತಿಗೆ ಕಬ್ಬಿಗೆ 118, ಬೆಲ್ಲಕ್ಕೆ 96, ಎಳ್ಳು-ಬೆಲ್ಲಕ್ಕೆ 71, ರಸಬಾಳೆಗೆ 27. ಕಬ್ಬು ಮುಂದಿದೆ ಅಂತ ಕಾಣುತ್ತೆ. ಆದರೆ ಬೆಲ್ಲ ಹಾಕಿದ ಬಿಸಿ ಕಾಫಿ ಬೇಕು ಅಂದವರು ಎರಡು ಕಡೆ ಸೇರಿ 167 ಜನ. ನೀವೇ ಒಂದೇ ಜಾತಿಯ ಎರಡು ಆಯ್ಕೆ ಇಟ್ಟು ಅವರನ್ನ ಒಡೆದುಬಿಟ್ಟಿದ್ದೀರಿ. ಹಾಲಿಗಿಂತ ಮೊದಲು ವೋಟೇ ಒಡೆದಿದೆ.

ಮೊದಲು 'ಬಿಸಿಯೋ ತಣ್ಣಗೋ' ಅಂತ ಕೇಳಿ, ಆಮೇಲೆ ಗೆದ್ದ ಕಡೆಯ ಎರಡನ್ನ ಎದುರುಬದುರು ಇಡಬೇಕಿತ್ತು. ಈಗಲೂ ತಡವಾಗಿಲ್ಲ.

ಜೆಪಿ ನಗರದ ಮೈಸೂರಿನವನು

ಮೇಷ್ಟ್ರೇ, ಇದ್ಯಾವ ನ್ಯಾಯ? ಜಾಸ್ತಿ ವೋಟು ಬಂದೋರು ಗೆಲ್ಲೋದು. ಎಣಿಸಿ ಆದ್ಮೇಲೆ ಎರಡು ಪಾರ್ಟಿ ಸೇರಿಸಿ ಸರ್ಕಾರ ಮಾಡ್ತೀರಾ?

ಲೆಕ್ಕದ ಮೇಷ್ಟ್ರು, ಮಂಡ್ಯ

ಅದನ್ನೂ ನೋಡಿದ್ದೀವಲ್ಲಪ್ಪ ಈ ರಾಜ್ಯದಲ್ಲಿ. ಆದರೆ ನಿನ್ನ ಮಾತಲ್ಲೂ ಹುರುಳಿದೆ. ಎಳ್ಳು-ಬೆಲ್ಲಕ್ಕೆ ಹಾಕಿದ 71 ಜನರೂ ಬರೀ ಬೆಲ್ಲದ ಕಾಫಿ ಕುಡೀತಾರೆ ಅಂತ ನಾನು ಊಹೆ ಮಾಡ್ತಿದ್ದೀನಿ, ಕೇಳಿ ನೋಡಿಲ್ಲ. ಕೆಲವರಿಗೆ ಎಳ್ಳೇ ಮುಖ್ಯ ಇರಬಹುದು. ಅದಕ್ಕೇ ಇನ್ನೊಂದು ಸುತ್ತು ಬೇಕು ಅನ್ನೋದು.

ಕಾಫಿ ಅಂಗಡಿ, ಕುವೆಂಪುನಗರ

ಮೇಷ್ಟ್ರು ಹೇಳಿದ್ದು ಓದಿ ಹೋದ ಬೇಸಿಗೆ ನೆನಪಾಯ್ತು. ಆಗಲೂ ವೋಟು ಹಾಕಿಸಿದ್ವಿ, ಗುಲ್ಕನ್ ಕೋಲ್ಡ್ ಕಾಫಿ 204 ವೋಟಿಂದ ಗೆದ್ದಿತ್ತು. ಖುಷಿಲಿ ಆರು ಕೆ.ಜಿ. ಗುಲ್ಕನ್ ತರಿಸಿಬಿಟ್ಟೆ. ಮೊದಲನೇ ದಿನ 31 ಲೋಟ ಹೋಯ್ತು. ಎರಡನೇ ವಾರ ದಿನಕ್ಕೆ ನಾಲ್ಕು, ಐದು. ಕೊನೆಗೆ ನಾಲ್ಕು ಕೆ.ಜಿ. ಉಳಿದು, ಹುಡುಗರು ಬ್ರೆಡ್ಡಿಗೆ ಸವರಿಕೊಂಡು ತಿಂದ್ರು. ಒಬ್ಬನಿಗೆ ಈಗ ಗುಲ್ಕನ್ ಅಂದ್ರೆ ಎದ್ದು ಹೋಗ್ತಾನೆ.

ಆಮೇಲೆ ಕೂತು ನೋಡಿದಾಗ ಗೊತ್ತಾಗಿದ್ದು, ವೋಟು ಹಾಕಿದವರಲ್ಲಿ ತುಂಬ ಜನ ಬೆಂಗಳೂರು, ದುಬೈ, ಅಮೆರಿಕ. ಪ್ರೀತಿಯಿಂದಲೇ ಹಾಕಿದ್ದು, ಬೇಜಾರಿಲ್ಲ. ಆದ್ರೆ ಅವರು ಕೌಂಟರ್ ಹತ್ರ ಬರಲ್ಲ. ಬೆಳಿಗ್ಗೆ ಆರೂಮುಕ್ಕಾಲಿಗೆ ಬರೋರು ಮೊಬೈಲ್‌ನಲ್ಲಿ ವೋಟು ಹಾಕಲ್ಲ.

ಬೆಳಗಿನ ವಾಕಿಂಗ್

ನಾನು ಹಾಕಿದ್ದೀನಿ ಕಣ್ರಿ. ಮೊಮ್ಮಗಳು ಹಾಕಿಕೊಟ್ಟಳು.

ಲೆಕ್ಕದ ಮೇಷ್ಟ್ರು, ಮಂಡ್ಯ

ಹಾಗಾದರೆ ಅಂಗಡಿಯಲ್ಲೇ ಎರಡು ಡಬ್ಬ ಇಡಿ. ಬಿಲ್ಲು ಕೊಟ್ಟಾಗ ಜನ ಅದನ್ನ ಯಾವುದಾದರೂ ಒಂದು ಡಬ್ಬಕ್ಕೆ ಹಾಕಲಿ. ದುಡ್ಡು ಕೊಟ್ಟು ಕುಡಿದವರ ವೋಟು ಮಾತ್ರ ಬೀಳುತ್ತೆ.

ಮಗುವಿನ ಅಮ್ಮ

ಎಳ್ಳಿನ ಕಾಫಿ ಬಗ್ಗೆ ಒಂದು ಮಾತು. ನನ್ನ ಮಗನಿಗೆ ಎಳ್ಳು ತಿಂದ್ರೆ ಮೈಯೆಲ್ಲ ದದ್ದು ಬಂದು ತುಟಿ ಊದುತ್ತೆ. ಸಂಕ್ರಾಂತಿ ಬಂದ್ರೆ ಯಾರ ಮನೆಗೂ ಕಳಿಸೋಕೆ ಭಯ. ಅವನು ಕಾಫಿ ಕುಡಿಯಲ್ಲ, ಆದ್ರೆ ನಿಮ್ಮಲ್ಲಿ ಬಾದಾಮಿ ಹಾಲು ಕುಡೀತಾನೆ. ಎಳ್ಳು ರುಬ್ಬಿದ ಜಾರಲ್ಲೇ ಬಾದಾಮಿನೂ ರುಬ್ತೀರಾ? ಹಾಲಿನ ಜಗ್ ಒಂದೇನಾ?

ಕಾಫಿ ಅಂಗಡಿ, ಕುವೆಂಪುನಗರ

ಜಾರ್ ಒಂದೇ ಇರೋದು ಮೇಡಂ. ಇದು ನನ್ನ ತಲೆಗೇ ಬಂದಿರ್ಲಿಲ್ಲ. ಬೇರೆ ಜಾರ್, ಬೇರೆ ಜಗ್, ಬೇರೆ ಚಮಚ ಇಡದೆ ಎಳ್ಳು ಶುರು ಮಾಡಲ್ಲ. ಬೆಳಗಿನ ರಶ್ಶಲ್ಲಿ ಹುಡುಗರು ಯಾವ ಜಗ್ ಕೈಗೆ ಸಿಗುತ್ತೋ ಅದನ್ನೇ ಎತ್ತುತ್ತಾರೆ, ಅದನ್ನ ಹೇಗೆ ತಡೆಯೋದು ಅಂತ ಯೋಚನೆ ಮಾಡ್ಬೇಕು.

ನಂಜನಗೂಡಿನ ಬಾಳೆ ತೋಟ

ನಾಲ್ಕನೇದರ ಬಗ್ಗೆ ಯಾರೂ ಮಾತಾಡ್ಲಿಲ್ಲ, ನಾನೇ ಹೇಳ್ತೀನಿ. ರಸಬಾಳೆಗೆ ಪನಾಮ ಸೊರಗು ರೋಗ ಬಂದು ತೋಟಗಳೇ ಹೋದವು, ಈಗ ಬೆಳೆಯೋರು ಕಡಿಮೆ. ಭೌಗೋಳಿಕ ಗುರುತು ಸಿಕ್ಕಿರೋ ಹಣ್ಣು, ಹೆಸರಿಗೆ ಬೆಲೆ ಇದೆ. ಎರಡು ತಿಂಗಳು ದಿನಾ ಹಣ್ಣು ಕೊಡ್ತೀನಿ ಅಂತ ಯಾರಾದ್ರೂ ಹೇಳಿದ್ರೆ ಬೇರೆ ಬಾಳೆ ಬೆರೆಸ್ತಾರೆ ಅಂತ್ಲೇ ತಿಳ್ಕೊಳ್ಳಿ. ಸಿಕ್ಕ ನಾಲ್ಕು ಹಣ್ಣನ್ನ ಕಾಫಿಗೆ ಹಾಕಿ ಕದಡೋ ಬದಲು ಹಾಗೇ ಸುಲಿದು ತಿನ್ನಿ.

ಕಾಫಿ ಅಂಗಡಿ, ಕುವೆಂಪುನಗರ

ಸರಿ ಸರ್, ನಾಲ್ಕು ತೆಗೆದೆ. ಆ 27 ಜನ ಕ್ಷಮಿಸಿ.

ಡೈರಿ ಮೇಡಂ, ಬೆಲ್ಲದ್ದು ಒಂದು ಸಲ ಮಾಡಿ ನೋಡ್ತೀವಿ. ಅಳತೆ ಹೇಳಿ.

ಡೈರಿಯಲ್ಲಿದ್ದವಳು

ಅರ್ಧ ಕೆ.ಜಿ. ಬೆಲ್ಲ ಕುಟ್ಟಿ, 250 ಮಿ.ಲೀ. ನೀರಲ್ಲಿ ಕರಗೋವರೆಗೆ ಕಾಯಿಸಿ, ಒಂದು ಕುದಿ ಬಂದ ಮೇಲೆ ಬಟ್ಟೆಯಲ್ಲಿ ಸೋಸಿ. ಮರಳು, ಕಬ್ಬಿನ ಸಿಪ್ಪೆ ಏನಿದ್ರೂ ಅಲ್ಲೇ ನಿಲ್ಲುತ್ತೆ. ಪಾಕ ಬರಿಸೋದು ಬೇಡ, ತಣ್ಣಗಾದಾಗ ಜೇನಿಗಿಂತ ತೆಳ್ಳಗೆ ಸುರಿಯಬೇಕು. ಸುಮಾರು 560 ಮಿ.ಲೀ. ಬರುತ್ತೆ. ಲೋಟಕ್ಕೆ 15 ಮಿ.ಲೀ. ಹಾಕಿದ್ರೆ 13 ಗ್ರಾಂ ಬೆಲ್ಲ ಬಿದ್ದ ಹಾಗೆ, ಒಟ್ಟು 37 ಲೋಟ ಆಗುತ್ತೆ. ಫ್ರಿಜ್‌ನಲ್ಲಿ ಇಡಿ, ಎರಡು ದಿನಕ್ಕೊಂದು ಸಲ ಹೊಸದು ಮಾಡಿ.

ಲೋಟಕ್ಕೆ ಮೊದಲು ಬೆಲ್ಲದ ನೀರು, ಆಮೇಲೆ 30 ಮಿ.ಲೀ. ಡಿಕಾಕ್ಷನ್, ಕಲಸಿ, ಕೊನೆಗೆ ಹಾಲು. ಹಾಲು ಕುದಿ ಇಳಿದು 70 ಡಿಗ್ರಿ ಹತ್ತಿರ ಇರಲಿ. ಥರ್ಮಾಮೀಟರ್ ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತೆ, ತಗೊಳ್ಳಿ. ಹಾಲು ಸುರಿದ ಮೇಲೆ ಆ ಲೋಟ ಒಲೆಯ ಹತ್ತಿರ ಹೋಗಬಾರದು. ಸಾಕಷ್ಟು ಬಿಸಿ ಇಲ್ಲ ಅಂತ ಯಾರಾದ್ರೂ ಅಂದ್ರೆ ಹೊಸದು ಮಾಡಿಕೊಡಿ, ಮತ್ತೆ ಕಾಯಿಸಬೇಡಿ.

ಒಡೆಯೋದು ಒಮ್ಮೆಲೇ ಮೊಸರಿನ ಹಾಗೆ ಕಾಣಲ್ಲ. ಲೋಟ ಓರೆ ಮಾಡಿ ನೋಡಿ. ಗೋಡೆಗೆ ಸಣ್ಣ ರವೆ ಹಾಗೆ ಅಂಟಿದ್ರೆ ಶುರುವಾಗಿದೆ ಅಂತ.

ಬೆಳಗಿನ ವಾಕಿಂಗ್

70 ಡಿಗ್ರಿ ಹಾಲಿಗೆ ತಣ್ಣಗಿರೋ ಬೆಲ್ಲದ ನೀರು ಹಾಕಿದ್ರೆ ಕಾಫಿ ಬಿಸಿ ಎಲ್ಲಿರುತ್ತೆ? ನನಗೆ ನಾಲಿಗೆ ಸುಡಬೇಕು.

ಡೈರಿಯಲ್ಲಿದ್ದವಳು

ಸರ್, ಅಷ್ಟು ಬಿಸಿ ಬೇಕಾದ್ರೆ ಸಕ್ಕರೆ ಕಾಫಿನೇ ಕುಡೀರಿ. ಲೋಟ ಬಿಸಿನೀರಲ್ಲಿ ತೊಳೆದು ಇಟ್ಟು, ಬೆಲ್ಲದ ನೀರನ್ನ ಬೆಚ್ಚಗೆ ಮಾಡಿಕೊಂಡ್ರೆ ಸ್ವಲ್ಪ ಉಳಿಯುತ್ತೆ.

ಆಲೆಮನೆ ಹುಡುಗ, ಪಾಂಡವಪುರ ಕಡೆ

ಗುರುವಾರ ಮೈಸೂರಿಗೆ ಬರ್ತಾ ಇದೀನಿ. ನಮ್ಮನೆ ಅಚ್ಚು ಎರಡು ತರ್ತೀನಿ, ಅಂಗಡೀಲಿ ನೀವು ತರೋ ಹಳದಿದೂ ಇಟ್ಕೊಳ್ಳಿ. ಎರಡನ್ನೂ ಮಾಡ್ ನೋಡಣ. ಚಿಕೋರಿ ಎಷ್ಟು ಹಾಕ್ತೀರ?

ಕಾಫಿ ಅಂಗಡಿ, ಕುವೆಂಪುನಗರ

80ಕ್ಕೆ 20.

ಆಲೆಮನೆ ಹುಡುಗ, ಪಾಂಡವಪುರ ಕಡೆ

ಬೆಲ್ಲಕ್ಕೆ ಅದು ಜಾಸ್ತಿ ಅನ್ಸತ್ತೆ. ಚಿಕೋರಿದೂ ಸುಟ್ಟ ಸಿಹಿ, ಬೆಲ್ಲದ್ದೂ ಸುಟ್ಟ ಸಿಹಿ, ಕಾಫಿ ಎಲ್ಲೋ ಕಳ್ದೋಗ್ತದೆ. 90ಕ್ಕೆ 10 ಒಂದ್ಸಲ ಮಾಡಿ.

ಕಾಫಿ ಅಂಗಡಿ, ಕುವೆಂಪುನಗರ (ಶುಕ್ರವಾರ)

ನಿನ್ನೆ ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಕೂತು ಮಾಡಿದ್ವಿ. ಡೈರಿ ಮೇಡಮ್ಮೂ ಬಂದಿದ್ರು.

ಕುದಿಯೋ ಹಾಲು ಹಾಕಿದಾಗ ನಮ್ಮ ಹಳದಿ ಬೆಲ್ಲದ್ದು ಅರ್ಧ ನಿಮಿಷದಲ್ಲಿ ಒಡೀತು, ಮೇಡಂ ಹೇಳಿದ ಹಾಗೇ ಲೋಟದ ಗೋಡೆಗೆ ರವೆ. ಹುಡುಗ ತಂದ ಬೆಲ್ಲದ್ದು ಒಡೆಯಲಿಲ್ಲ. ಎಲ್ಲರೂ ಅವನ ಬೆನ್ನು ತಟ್ಟಿದ್ವಿ. ಆಮೇಲೆ ಅದೇ ಲೋಟವನ್ನ ಮತ್ತೆ ಒಲೆ ಮೇಲಿಟ್ಟು ಕಾಯಿಸಿದ್ವಿ, ಅದೂ ಒಡೀತು. 70 ಡಿಗ್ರಿ ಹಾಲಲ್ಲಿ ಎರಡೂ ಚೆನ್ನಾಗಿ ನಿಂತವು, ಇಪ್ಪತ್ತು ನಿಮಿಷ ಆದ್ಮೇಲೂ. ಸಂಜೆ ಉಳಿದ ಹಾಲಲ್ಲಿ ಮಾಡೋದು ಮರೆತೆವು, ಅದು ಬಾಕಿ ಇದೆ.

ರುಚಿಲಿ ಹುಡುಗನ ಬೆಲ್ಲ ಘಮ ಜಾಸ್ತಿ, ಕೊನೆಗೆ ನಾಲಿಗೆ ಮೇಲೆ ಒಂಚೂರು ಉಪ್ಪು. ನನಗೆ ಅದೇ ಇಷ್ಟ ಆಯ್ತು, ಮೇಡಮ್‌ಗೆ ಆಗಲಿಲ್ಲ. ಚಿಕೋರಿ ಕಡಿಮೆ ಮಾಡಿದ್ದು ಒಳ್ಳೇದಾಯ್ತು, ಆದ್ರೆ ಡಿಕಾಕ್ಷನ್ ತೆಳ್ಳಗೆ ಕಂಡು ಪುಡಿ ಜಾಸ್ತಿ ಹಾಕಬೇಕಾಯ್ತು. ಅದಕ್ಕೆ ಲೋಟಕ್ಕೆ ಎರಡು ರೂಪಾಯಿ ಹೆಚ್ಚಾಗುತ್ತೆ, ಬೆಲ್ಲಕ್ಕೆ ಒಂದು ರೂಪಾಯಿನೂ ಆಗಲ್ಲ.

ಕಾಫಿ ಅಂಗಡಿ, ಕುವೆಂಪುನಗರ (ಭಾನುವಾರ ರಾತ್ರಿ)

ಎಣಿಕೆ ಮುಗೀತು. ಇಲ್ಲಿ ಕಬ್ಬು 163, ಬೆಲ್ಲ 149, ಎಳ್ಳು-ಬೆಲ್ಲ 88. ಅಂಗಡಿಯ ಡಬ್ಬದಲ್ಲಿ ಮೂರು ದಿನಕ್ಕೆ ಬಿಸಿ 211, ತಣ್ಣಗೆ 34. ಸಂಕ್ರಾಂತಿಯಿಂದ ಬೆಲ್ಲದ ಕಾಫಿ, 40 ರೂಪಾಯಿ. ಬೈಟು ಉಂಟು, ಆದ್ರೆ ಮೊದಲೇ ಹೇಳಬೇಕು, ಎರಡು ಲೋಟಕ್ಕೂ ಬೇರೆ ಬೇರೆ ಬೆಲ್ಲದ ನೀರು ಹಾಕ್ಬೇಕಾಗುತ್ತೆ. ಎಳ್ಳು ಈ ವರ್ಷ ಇಲ್ಲ.

ಜೆಪಿ ನಗರದ ಮೈಸೂರಿನವನು

ಅಂದ್ರೆ 163 ಜನರ ವೋಟು ಕಸದ ಬುಟ್ಟಿಗಾ? ಹಾಗಾದ್ರೆ ಕೇಳಿದ್ದು ಯಾಕೆ?

ಕಾಫಿ ಅಂಗಡಿ, ಕುವೆಂಪುನಗರ

ತಪ್ಪು ನನ್ನದೇ ಸರ್. ಮಾಡೋಕೆ ಆಗುತ್ತಾ ಅಂತ ನೋಡದೆ ಪಟ್ಟಿಗೆ ಹಾಕಿದೆ. ಮಾರ್ಚ್‌ನಲ್ಲಿ ಬಿಸಿಲು ಬಂದ್ಮೇಲೆ ಗಾಡಿಯವರನ್ನ ಶನಿವಾರ, ಭಾನುವಾರ ಅಂಗಡಿ ಮುಂದೆನೇ ನಿಲ್ಲಿಸೋಕೆ ಆಗುತ್ತಾ ಅಂತ ಕೇಳಿದ್ದೀನಿ. ಇನ್ನೂ ಒಪ್ಪಿಲ್ಲ, ಸರ್ಕಲ್‌ನಲ್ಲೇ ವ್ಯಾಪಾರ ಜಾಸ್ತಿ ಅಂತಾರೆ.